ನಿಮ್ಮನ್ನು ಏನೂ ಕೇಳದ ಪತ್ರ

"ಯಾವಾಗಿಂದ ಹೀಗೆ ಶಬ್ದ ಮಾಡ್ತಿದೆ?"

ಅವನು ಕೇಳಿದ್ದು ಮಿಷನ್ ಬಗ್ಗೆ. ಆದರೆ ಆ ಗಳಿಗೆಯಲ್ಲಿ ಜೋರಾಗಿ ಶಬ್ದ ಮಾಡುತ್ತಿದ್ದದ್ದು ಅವಳ ಎದೆ!

ಹೊಲಿಗೆ ಮಿಷನ್ ರಿಪೇರಿಯವನು ಅವಳ ಕಾಲ ಬಳಿಯೇ ಮಂಡಿಯೂರಿ ಕುಳಿತು ಬೆಲ್ಟ್ ಬಿಚ್ಚುತ್ತಿದ್ದ. ಕೈ ತುಂಬಾ ಎಣ್ಣೆ. ಕಣ್ಣಲ್ಲಿ ತುಂಟ ನಗು.

ಅವಳು ತಲೆ ತಗ್ಗಿಸಿ, ಕೈಯಲ್ಲಿದ್ದ ಕಾಲರನ್ನು ಮಡಿಸತೊಡಗಿದಳು.

"ಅವಳನ್ನ ಕೇಳಿ ಪ್ರಯೋಜನ ಇಲ್ಲಪ್ಪ," ಅಂಗಡಿಯ ಯಜಮಾನರು ನಕ್ಕರು. "ಬಾಯಲ್ಲಿ ಗುಂಡುಪಿನ್ ಇಟ್ಕೊಂಡೇ ಹುಟ್ಟಿದಾಳೆ."

ಅವನು ನಗಲಿಲ್ಲ. ಸಂಜೆ ಹೊರಡುವಾಗ, ಕತ್ತರಿಸಿ ಬಿಟ್ಟ ಪ್ಯಾಟರ್ನ್ ಕಾಗದದ ಚೂರಿನಲ್ಲಿ ವಿಳಾಸ ಬರೆದು ಅವಳ ಮುಂದಿಟ್ಟ.

"ನಾನು ಊರೂರು ಸುತ್ತೋನು ಕಣ್ರೀ. ರೂಮಿಗೆ ಹೋದಾಗ ಒಂದು ಪತ್ರ ಬಂದಿದ್ರೆ, ಮನೆಗೆ ಬಂದ ಹಾಗೆ ಅನ್ಸುತ್ತೆ. ಮಾತಾಡೋಕೆ ಆಗದಿದ್ರೆ ಬರೀರಿ. ಪತ್ರದ ಗೆಳೆಯ ಅಂದ್ಕೊಳ್ಳಿ."

ಅಂದು ಮನೆಯಲ್ಲಿ ಅವಳು ಪತ್ರಕ್ಕೆ ಕುಳಿತಳು. "ಸಕಲ ಸದ್ಗುಣ ಸಂಪನ್ನರಾದ..." ಎಂದು ಶುರುಮಾಡಿ ತಾನೇ ಬೆಚ್ಚಿ ಹರಿದು ಹಾಕಿದಳು. ಇದು ಯಾರ ಮಾತು? ನನ್ನದಂತೂ ಅಲ್ಲ!

ಗೊತ್ತಿರುವುದನ್ನೇ ಬರೆಯಬೇಕು. ಒಂದು ವಾಕ್ಯಕ್ಕೆ ಒಂದೇ ವಿಷಯ. ಬರೆದಳು. ಬಾಯಿಬಿಟ್ಟು ಓದಿ ನೋಡಿದಳು. ಎಡವಿದ ಕಡೆ ತಿದ್ದಿದಳು.

"ನಮಸ್ಕಾರ. ನೀವು ರಿಪೇರಿ ಮಾಡಿದ ಮಿಷನ್ನಿನಲ್ಲಿ ಹೊಲಿಯುವವಳು ನಾನು. ಮನೆಯಲ್ಲಿ ನನ್ನನ್ನು ಪುಟ್ಟಿ ಎಂದು ಕರೆಯುತ್ತಾರೆ. ನನಗೆ ಇಪ್ಪತ್ತೆರಡು ವರ್ಷ. ಅಣ್ಣ, ಅತ್ತಿಗೆಯ ಜೊತೆ ಇದ್ದೇನೆ. ಏಳನೇ ತರಗತಿಗೆ ಶಾಲೆ ಬಿಟ್ಟೆ. ಕಾಲರ್ ಹೊಲಿಯುವುದೆಂದರೆ ನನಗೆ ಇಷ್ಟ. ಮಿಷನ್ ಈಗ ಚೆನ್ನಾಗಿ ಓಡುತ್ತಿದೆ. ವಂದನೆಗಳು."

ಒಂದೂ ತಪ್ಪಿಲ್ಲ! ಪತ್ರವನ್ನು ಇನ್ನೊಂದು ಹಾಳೆಗೆ ಅಂದವಾಗಿ ಇಳಿಸಿ, ಉತ್ತರಕ್ಕೆಂದು ಕೆಳಗೆ ಅಂಗಡಿಯ ವಿಳಾಸ ಬರೆದು, ಅಂಚೆ ಡಬ್ಬಿಗೆ ಹಾಕಿ ಬಂದಳು.

ಉತ್ತರ ಬರಲಿಲ್ಲ.

ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಅವಳ ಕಾಲು ಪೆಡಲ್ ಮೇಲೆ ತಾನಾಗಿ ನಿಲ್ಲುತ್ತಿತ್ತು. ಸೈಕಲ್ ಮುಂದೆ ಹೋಗುತ್ತಿತ್ತು. ಹೊಲಿಗೆ ಮತ್ತೆ ಶುರುವಾಗುತ್ತಿತ್ತು. ಎಷ್ಟೋ ಅಂಗಿಗಳ ಕಾಲರ್ ಹೀಗೇ ಮುಗಿದವು.

'ಏಳನೇ ತರಗತಿ ಅಂತ ಬರೀಬಾರದಿತ್ತು... ಓದಿ ನಕ್ಕಿರಬೇಕು...'

ಒಂದು ಸಂಜೆ ಅತ್ತಿಗೆ ಅವಳ ಬಾಡಿದ ಮುಖ ಹಿಡಿದೆತ್ತಿದಳು. "ಏನೇ ಇದು, ನೆನೆಸಿ ಹಿಂಡದೆ ಬಿಟ್ಟ ಬಟ್ಟೆ ಥರ ಇದೀಯಲ್ಲ! ಆವತ್ತು ಕೂತು ಅದೇನು ಪತ್ರ ಬರೆದೆ ಹೇಳು, ಕೇಳೋಣ."

ಅವಳಿಗೆ ಒಂದೊಂದು ಅಕ್ಷರವೂ ಬಾಯಿಪಾಠ. ಹೇಳಿದಳು.

ಅತ್ತಿಗೆ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಬಂಗಾರ! ಅವನನ್ನ ಒಂದು ಮಾತಾದ್ರೂ ಕೇಳಿದೀಯಾ? ಮಿಷನ್ ಚೆನ್ನಾಗಿದೆ, ವಂದನೆ! ರಿಪೇರಿಗೆ ರಸೀದಿ ಕೊಟ್ಟ ಹಾಗಿದೆ ಕಣೇ. ಮನೆಗೆ ಬಂದೋರಿಗೆ ನಮ್ಮ ಕಥೆಯೆಲ್ಲ ಹೇಳಿ, ಕೂತ್ಕೊಳ್ಳಿ ಅನ್ನದೆ ಬಾಗಿಲು ಹಾಕ್ಬಿಡ್ತೀವಾ? ಯಾವುದಕ್ಕೆ ಅಂತ ಉತ್ತರ ಬರೀತಾನೆ ಪಾಪ!"

ಅವಳು ಬೆರಗಾಗಿ ಕುಳಿತಳು. ಅವನ ಬಗ್ಗೆ ಕೇಳಬೇಕೆಂದಿದ್ದ ಮಾತುಗಳನ್ನೆಲ್ಲ ನುಂಗಿಬಿಟ್ಟಿದ್ದಳು. ಬಾಯಿಯ ಸಂಕೋಚ ಕೈಗೂ ಇಳಿದಿತ್ತು!

ಮತ್ತೆ ಬರೆದಳು.

"ನಮಸ್ಕಾರ. ನಾನು ಪುಟ್ಟಿ. ಮೊದಲ ಪತ್ರದಲ್ಲಿ ನನ್ನ ವಿಷಯ ಮಾತ್ರ ಬರೆದೆ. ನಿಮ್ಮ ಮನೆಯಲ್ಲಿ ಯಾರಿದ್ದಾರೆ? ಈ ಕೆಲಸ ಯಾರಿಂದ ಕಲಿತಿರಿ? ಬಿಡುವಿದ್ದಾಗ ಏನು ಮಾಡುತ್ತೀರಿ? ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತೇನೆ."

ಕೊನೆಯ ವಾಕ್ಯವನ್ನು ಎರಡು ಸಲ ಓದಿದಳು. ಆದರೂ ಅಳಿಸಲಿಲ್ಲ.

ಮತ್ತೆ ಕಾಯುವಿಕೆ... ಈಗಿನ ನೋವು ಬೇರೆ. ಆಗ ಬಾಗಿಲು ಮುಚ್ಚಿತ್ತು. ಈಗ ಪೂರ್ತಿ ತೆರೆದು, ಹೊಸ್ತಿಲ ಮೇಲೆ ತಾನೇ ನಿಂತುಬಿಟ್ಟಿದ್ದಾಳೆ! ಅವನು ಬರದಿದ್ದರೆ?

ಒಂದು ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆ ಹೋಗಿ, ಅಂಗಡಿಯಲ್ಲಿ ಅವಳೊಬ್ಬಳೇ ಇದ್ದಳು. ಬಾಗಿಲಲ್ಲಿ ನೆರಳು ಬಿತ್ತು.

ಅವನೇ! ಭುಜದಲ್ಲಿ ಹತ್ಯಾರಗಳ ಚೀಲ, ಮುಖದ ತುಂಬಾ ದಾರಿಯ ಧೂಳು.

"ಅಮ್ಮ ಇದ್ರು, ಈಗಿಲ್ಲ. ಕೆಲಸ ಕಲ್ಸಿದ್ದು ಸೋದರಮಾವ. ಬಿಡುವಿದ್ದಾಗ..." ಅವನು ಜೇಬಿನಿಂದ ಮೊದಲ ಪತ್ರ ತೆಗೆದ. ಮಡಿಕೆಗಳು ಸವೆದು ಹರಿಯುವಂತಿದ್ದವು. "ಇದನ್ನ ಓದ್ತಿದ್ದೆ. ಮಿಷನ್ ಚೆನ್ನಾಗಿದೆ, ಇನ್ನು ನೀನು ಬೇಡ ಅಂತಿದಾರೆ ಅಂದ್ಕೊಂಡೆ ಕಣ್ರೀ."

ಅವಳ ಕಣ್ಣು ತುಂಬಿತು. ತಲೆಯಾಡಿಸಿದಳು... ಅಲ್ಲ, ಅಲ್ಲ...

"ನಿಮ್ಮ ಪ್ರಶ್ನೆಗಳು ಮುಗಿದ್ವು," ಎಂದ ಅವನು ಮೆಲ್ಲಗೆ. "ಇನ್ನು ಹೊರಡ್ಲಾ?"

ಪೆನ್ನು ಹತ್ತಿರವಿರಲಿಲ್ಲ. ಕಾಗದವೂ ಇರಲಿಲ್ಲ. ಅವಳು ತನ್ನ ಊಟದ ಡಬ್ಬಿಯ ಮುಚ್ಚಳ ತೆಗೆದು ಅವನತ್ತ ಸರಿಸಿದಳು. ಅವನ ಮುಖ ನೋಡಿದಳು. ಬಾಯಿಬಿಟ್ಟು ಕೇಳಿದಳು.

"ಊಟ ಆಯ್ತಾ?"

ಅವನು ಚೀಲ ಕೆಳಗಿಟ್ಟ.

"ಇಲ್ಲ ಪುಟ್ಟಿ. ದಿನಾ ಕೇಳ್ತೀರಾ?"

"ಹ್ಞೂಂ... ಕೂತ್ಕೊಳ್ಳಿ."